ಎಂ.ಸಿ.ವಿ. ಮತ್ತು ಜಿ.ಜಿ.ಟಿ. ಒಟ್ಟಿಗೆ ಏರಿದಾಗ

ಹೆಲ್ತ್ ಚೆಕಪ್ ಪ್ಯಾಕೇಜ್ ಮಾಡಿಸಿಕೊಂಡವರ ಕೈಗೆ ಹತ್ತಾರು ಪುಟಗಳ ವರದಿ ಬರುತ್ತದೆ. ಸಾಮಾನ್ಯವಾಗಿ ಎಲ್ಲರ ಕಣ್ಣೂ ಮೊದಲು ಹೋಗುವುದು ಸಕ್ಕರೆ ಮತ್ತು ಕೊಲೆಸ್ಟರಾಲ್ ಸಾಲುಗಳಿಗೆ. ರಕ್ತಕಣಗಳ ಪುಟದಲ್ಲಿ ಎಂ.ಸಿ.ವಿ. ಎಂಬ ಸಾಲು, ಲಿವರ್ ಪರೀಕ್ಷೆಯ ಪುಟದಲ್ಲಿ ಜಿ.ಜಿ.ಟಿ. ಎಂಬ ಸಾಲು ಎರಡೂ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೂ ಅವುಗಳ ನಡುವೆ ಸಂಬಂಧ ಇರಬಹುದೆಂದು ಬಹಳಷ್ಟು ಮಂದಿಗೆ ಹೊಳೆಯುವುದಿಲ್ಲ. ಆದರೆ ಇವೆರಡನ್ನೂ ಒಟ್ಟಿಗೆ ಕಂಡ ವೈದ್ಯರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕುಡಿಯುವ ಅಭ್ಯಾಸ ಇದೆಯಾ?"

ಆ ಪ್ರಶ್ನೆಗೆ ಕಾರಣವಿದೆ. ಆದರೆ ಅಲ್ಲಿಗೇ ವಿಚಾರಣೆ ಮುಗಿದರೆ ಎರಡು ಬಗೆಯ ಅನ್ಯಾಯ ಆಗುತ್ತದೆ. ಒಂದು ಹನಿ ಮುಟ್ಟದವರು ಕುಡುಕರೆನಿಸಿಕೊಳ್ಳುತ್ತಾರೆ. ಕುಡಿಯುವವರಲ್ಲಿ ಮದ್ಯದ ಜೊತೆಗೇ ಇರುವ ಇನ್ನೊಂದು ಕಾಯಿಲೆ, ಅದೂ ಸುಲಭವಾಗಿ ವಾಸಿಯಾಗುವಂಥದ್ದು, ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಎಂ.ಸಿ.ವಿ. ಎಂದರೆ ನಮ್ಮ ಕೆಂಪು ರಕ್ತಕಣಗಳ ಸರಾಸರಿ ಗಾತ್ರ. ಅದನ್ನು ಫೆಮ್ಟೊಲೀಟರ್ ಎಂಬ ಅತಿ ಸಣ್ಣ ಅಳತೆಯಲ್ಲಿ ಹೇಳುತ್ತಾರೆ. ವಯಸ್ಕರಲ್ಲಿ 80ರಿಂದ 100ರ ನಡುವೆ ಇರುವುದು ಸಹಜ. ನೂರು ದಾಟಿದರೆ ಕಣಗಳು ದೊಡ್ಡವಾಗಿವೆ ಎಂದರ್ಥ. ಜಿ.ಜಿ.ಟಿ. ಎಂಬುದು ಒಂದು ಕಿಣ್ವ. ಲಿವರ್‌ನ ಜೀವಕೋಶಗಳಲ್ಲೂ, ಪಿತ್ತರಸ ಹರಿಯುವ ಸಣ್ಣ ನಾಳಗಳ ಗೋಡೆಯಲ್ಲೂ ಅದು ಹೇರಳವಾಗಿರುತ್ತದೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ವ್ಯತ್ಯಾಸವಿದ್ದರೂ ಗಂಡಸರಲ್ಲಿ ಸುಮಾರು 55–60 ಯೂನಿಟ್, ಹೆಂಗಸರಲ್ಲಿ ಸುಮಾರು 40 ಯೂನಿಟ್ ಅದರ ಮೇಲಿನ ಮಿತಿ. ಲಿವರ್‌ಗೆ ಪೆಟ್ಟಾದಾಗ, ಪಿತ್ತದ ಹರಿವಿಗೆ ಅಡ್ಡಿಯಾದಾಗ, ಇಲ್ಲವೇ ಯಾವುದೋ ವಸ್ತು ಲಿವರನ್ನು ಹೆಚ್ಚು ಕಿಣ್ವ ತಯಾರಿಸುವಂತೆ ಕೆರಳಿಸಿದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ.

ಒಂದು ಮೂಳೆಯ ಮಜ್ಜೆಯ ಕಥೆ, ಇನ್ನೊಂದು ಲಿವರ್‌ನ ಕಥೆ. ಎರಡೂ ಒಟ್ಟಿಗೆ ಏರಬೇಕಾದರೆ ಎರಡೂ ಕಡೆ ಕೈಯಾಡಿಸುವ ಕಾರಣವೊಂದು ಇರಬೇಕು, ಇಲ್ಲವೇ ಎರಡು ಬೇರೆ ಬೇರೆ ಕಾರಣಗಳು ಒಬ್ಬರಲ್ಲೇ ಸೇರಿರಬೇಕು. ಮುಂದಿನ ವಿಚಾರಣೆಯೆಲ್ಲ ಈ ಎರಡು ಸಾಧ್ಯತೆಗಳನ್ನು ಬೇರ್ಪಡಿಸುವುದಕ್ಕಾಗಿಯೇ ನಡೆಯುತ್ತದೆ.

ದೊಡ್ಡ ರಕ್ತಕಣ ಎಂದರೆ ಜೀವಸತ್ವದ ಕೊರತೆ ಎಂದೇ ವೈದ್ಯರು ಬಹಳ ಕಾಲ ಓದಿಕೊಂಡು ಬಂದರು. ಈ ತಿಳಿವಳಿಕೆಗೆ ಭಾರತದ ನಂಟೂ ಇದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದು, ಜವಳಿ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಆ ಹೆಂಗಸರ ರಕ್ತಕಣಗಳು ಸಹಜಕ್ಕಿಂತ ದೊಡ್ಡದಾಗಿದ್ದವು. ಯೀಸ್ಟ್‌ನಿಂದ ಮಾಡಿದ ಅಗ್ಗದ ಮಾರ್ಮೈಟ್ ಎಂಬ ತಿನಿಸಿನಿಂದಲೇ ಅವರು ಚೇತರಿಸಿಕೊಳ್ಳುತ್ತಾರೆ ಎಂದು ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆ್ಯಸಿಡ್ ಎಂದು ಗುರುತಾಯಿತು. ಬಿ12 ಜೀವಸತ್ವವನ್ನು 1948ರಲ್ಲಿ ಬೇರ್ಪಡಿಸಿದರು. ಇವೆರಡರಲ್ಲಿ ಯಾವುದು ಕಡಿಮೆಯಾದರೂ ಮಜ್ಜೆಯಲ್ಲಿ ಬೆಳೆಯುತ್ತಿರುವ ಕಣಕ್ಕೆ ತನ್ನ ಡಿ.ಎನ್.ಎ.ಯನ್ನು ಸಮಯಕ್ಕೆ ಸರಿಯಾಗಿ ಪ್ರತಿ ಮಾಡಿಕೊಳ್ಳಲು ಆಗುವುದಿಲ್ಲ. ಒಡಲು ಬೆಳೆಯುತ್ತಲೇ ಹೋಗುತ್ತದೆ, ವಿಭಜನೆ ತಡವಾಗುತ್ತದೆ. ಹೀಗೆ ಹುಟ್ಟುವ ಕಣ ಗಾತ್ರದಲ್ಲಿ ದೊಡ್ಡದು, ಸಂಖ್ಯೆಯಲ್ಲಿ ಕಡಿಮೆ.

ಮದ್ಯಪಾನದ ಪಾಲು ಗೊತ್ತಾದದ್ದು ಬಹಳ ತಡವಾಗಿ. ಮೊದಲು ಕಣದ ಗಾತ್ರ ತಿಳಿಯಲು ಸೂಕ್ಷ್ಮದರ್ಶಕದಡಿ ಕಣಗಳನ್ನು ಎಣಿಸಿ, ಕೈಯಲ್ಲೇ ಲೆಕ್ಕ ಹಾಕಬೇಕಿತ್ತು. ರಕ್ತಹೀನತೆ ಇಲ್ಲದವರಿಗೆ ಆ ಕಷ್ಟ ಯಾರೂ ಪಡುತ್ತಿರಲಿಲ್ಲ. 1953ರಲ್ಲಿ ವಾಲೇಸ್ ಕೌಲ್ಟರ್ ಪೇಟೆಂಟ್ ಪಡೆದ ವಿಧಾನ ಇದನ್ನು ಬದಲಿಸಿತು. ಸಣ್ಣ ರಂಧ್ರವೊಂದರ ಮೂಲಕ ಒಂದೊಂದೇ ಕಣ ಹಾದುಹೋಗುವಾಗ ವಿದ್ಯುತ್ ಹರಿವಿನಲ್ಲಾಗುವ ಏರುಪೇರಿನಿಂದ ಯಂತ್ರವೇ ಕಣದ ಗಾತ್ರ ಹೇಳತೊಡಗಿತು. ಇಂಥ ಯಂತ್ರಗಳು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಮೇಲೆ, ರಕ್ತಹೀನತೆಯೇ ಇಲ್ಲದ ಎಷ್ಟೋ ಮಂದಿಯಲ್ಲಿ ಕಣಗಳು ದೊಡ್ಡದಾಗಿರುವುದು ಕಂಡಿತು. ಅವರಲ್ಲಿ ಬಹಳಷ್ಟು ಮಂದಿ ನಿತ್ಯ ಕುಡಿಯುವವರಾಗಿದ್ದರು. 1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಬಗ್ಗೆ ಬಂದ ಲೇಖನ ಇಂದಿಗೂ ಉಲ್ಲೇಖವಾಗುತ್ತದೆ. ಜೀವಸತ್ವಗಳು ಸಾಕಷ್ಟಿದ್ದರೂ ಮದ್ಯ ನೇರವಾಗಿ ಮಜ್ಜೆಯ ಮೇಲೆ ಪರಿಣಾಮ ಬೀರಿ ಕಣವನ್ನು ದೊಡ್ಡದು ಮಾಡಬಲ್ಲದು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಒಂದು ರಾತ್ರಿಯ ಪಾರ್ಟಿಯಿಂದ ಹೀಗಾಗುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದವರಲ್ಲಿ ಇದು ಕಾಣುತ್ತದೆ.

ಇದನ್ನೆಲ್ಲ ಒಬ್ಬ ರೋಗಿಯ ಮೂಲಕ ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಇದು ಒಬ್ಬರದೇ ಕಥೆಯಲ್ಲ, ಇಂಥ ಹಲವರ ವಿವರಗಳನ್ನು ಕೂಡಿಸಿ ಕಟ್ಟಿದ್ದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ 48 ವರ್ಷದ ವ್ಯಾಪಾರಿ. ಶುದ್ಧ ಸಸ್ಯಾಹಾರಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಮಗನ ಒತ್ತಾಯಕ್ಕೆ ಚೆಕಪ್ ಮಾಡಿಸಿದ್ದಾರೆ. ಹೀಮೋಗ್ಲೋಬಿನ್ 13.4, ಅಂದರೆ ಹೇಳಿಕೊಳ್ಳುವಂಥ ರಕ್ತಹೀನತೆ ಇಲ್ಲ. ಎಂ.ಸಿ.ವಿ. 106. ಜಿ.ಜಿ.ಟಿ. 164. ಲಿವರ್‌ನ ಇನ್ನೆರಡು ಕಿಣ್ವಗಳಲ್ಲಿ ಎ.ಎಸ್.ಟಿ. 62, ಎ.ಎಲ್.ಟಿ. 44. ಕಾಮಾಲೆ ಸೂಚಿಸುವ ಬಿಲಿರುಬಿನ್ ಸಹಜ, ಪಿತ್ತನಾಳ ಕಟ್ಟಿಕೊಂಡಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಕೂಡ ಸಹಜ.

ವೈದ್ಯರು ಮೊದಲು ನೋಡಿದ್ದು ರಕ್ತದ ಮಾದರಿ ತೆಗೆದ ಸಮಯ ಮತ್ತು ಯಂತ್ರಕ್ಕೆ ಹಾಕಿದ ಸಮಯ. ಮನೆಗೇ ಬಂದು ತೆಗೆದುಕೊಂಡು ಹೋದ ರಕ್ತ ತಾಲ್ಲೂಕಿನಿಂದ ದೊಡ್ಡ ಊರಿನ ಪ್ರಯೋಗಾಲಯ ಮುಟ್ಟುವ ಹೊತ್ತಿಗೆ ಒಂದು ದಿನ ಕಳೆದಿದ್ದರೆ, ಬೇಸಿಗೆಯ ಬಿಸಿಯಲ್ಲಿ ಕಣಗಳು ಟ್ಯೂಬಿನಲ್ಲೇ ಊದಿಕೊಂಡು ಎಂ.ಸಿ.ವಿ. ಸುಳ್ಳಾಗಿ ಹೆಚ್ಚು ತೋರಬಹುದು. ರಕ್ತದಲ್ಲಿ ಸಕ್ಕರೆ ತೀರಾ ಏರಿದ್ದಾಗಲೂ ಹೀಗಾಗುತ್ತದೆ. ಇವರ ಮಾದರಿಯನ್ನು ತೆಗೆದ ಮೂರು ಗಂಟೆಯೊಳಗೆ ಪರೀಕ್ಷಿಸಿದ್ದರು, ಸಕ್ಕರೆಯೂ ತೀರಾ ಹೆಚ್ಚಿರಲಿಲ್ಲ. ಅಂಕಿ ನಿಜವೇ.

ಅನಂತರ ಕುಡಿತದ ವಿಚಾರ. "ದಿನಾ ಏನ್ ಕುಡಿಯೂದಿಲ್ಲರಿ ಡಾಕ್ಟ್ರ, ದಣದು ಬಂದಾಗ ಒಂದೀಟ, ಎರಡ್ ಪೆಗ್ ಅಷ್ಟ" ಎಂದರು ವ್ಯಾಪಾರಿ. ವೈದ್ಯರು ಪೆಗ್ಗಿನ ಲೆಕ್ಕ ಕೇಳುತ್ತ ಕೂರಲಿಲ್ಲ. "ಯಜಮಾನ್ರ, ಒಂದು ಫುಲ್ ಬಾಟ್ಲಿ ತಂದ್ರ ಎಷ್ಟ್ ದಿನಾ ಬರ್ತೈತ್ರಿ?" ಎಂದರು. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ನಾಕ್ ದಿನಾ ಬಂದ್ರ ಹೆಚ್ಚರಿ."

ಪೆಗ್ಗಿಗಿಂತ ಬಾಟಲಿಯ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಮನೆಯಲ್ಲಿ ಸುರಿದುಕೊಳ್ಳುವ ಪೆಗ್ಗಿಗೆ ಅಳತೆಯಿಲ್ಲ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. 750 ಮಿಲಿಲೀಟರ್ ಬಾಟಲಿಯಲ್ಲಿ ಅಷ್ಟು ಪಾಲು ಮದ್ಯಸಾರ ಎಂದರೆ, ತೂಕದಲ್ಲಿ ಸುಮಾರು 250 ಗ್ರಾಂ. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 60 ಗ್ರಾಂ ದಾಟುತ್ತದೆ. ಇದೇ ಲೆಕ್ಕದಲ್ಲಿ ನೈಂಟಿ ಎಂದರೆ 30 ಗ್ರಾಂ, ಕ್ವಾರ್ಟರ್ ಎಂದರೆ 60 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್‌ನ ದೊಡ್ಡ ಬಾಟಲಿಯಲ್ಲೂ 40 ಗ್ರಾಂ ಇರುತ್ತದೆ. "ನಾನು ಬರೀ ಬಿಯರ್" ಎನ್ನುವವರು ಇದನ್ನು ಗಮನಿಸಬೇಕು. ಈ ವ್ಯಾಪಾರಿ ದಿನಕ್ಕೊಂದು ಕ್ವಾರ್ಟರ್ ಕುಡಿಯುತ್ತಿದ್ದರು. ತಿಂಗಳುಗಟ್ಟಲೆ ಹೀಗೆ ನಡೆದರೆ ಎಂ.ಸಿ.ವಿ.ಯನ್ನೂ ಜಿ.ಜಿ.ಟಿ.ಯನ್ನೂ ಏರಿಸಲು ಅಷ್ಟು ಸಾಕು. ಎ.ಎಲ್.ಟಿ.ಗಿಂತ ಎ.ಎಸ್.ಟಿ. ಹೆಚ್ಚಿರುವುದೂ ಅದೇ ದಿಕ್ಕನ್ನು ತೋರಿಸುತ್ತಿತ್ತು. ಕುಡಿತವಿಲ್ಲದೆ ಬರೀ ಕೊಬ್ಬು ತುಂಬಿದ ಲಿವರ್‌ನಲ್ಲಿ ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಎರಡೂ ಅಂಕಿಗಳಿಗೆ ಒಂದೇ ಕಾರಣ ಸಿಕ್ಕಿದೆ, ಆ ಕಾರಣ ಸುಳ್ಳೂ ಅಲ್ಲ. ಆದರೆ ವೈದ್ಯರು ಕೇಳಿದ ಮುಂದಿನ ಪ್ರಶ್ನೆ ಕಾಲಿನ ಬಗ್ಗೆ. ಅಂಗಾಲು ಜೋಮು ಹಿಡಿಯುತ್ತದೆಯೇ? ನೆಲದ ಮೇಲೆ ನಡೆದರೆ ಅರಳೆ ಮೇಲೆ ನಡೆದ ಹಾಗೆ ಅನಿಸುತ್ತದೆಯೇ? ವರ್ಷದಿಂದ ಹಾಗೆ ಆಗುತ್ತಿದೆ, ಸಕ್ಕರೆ ಕಾಯಿಲೆಯಿಂದ ಇರಬೇಕೆಂದು ಸುಮ್ಮನಿದ್ದೆ ಎಂದರು ಅವರು. ಕಾಲಿನ ನರಗಳು ಸೊರಗುವುದಕ್ಕೆ ಸಕ್ಕರೆಯೂ ಕಾರಣವಾಗಬಹುದು, ಮದ್ಯವೂ ಆಗಬಹುದು, ಬಿ12 ಕೊರತೆಯೂ ಆಗಬಹುದು. ಮೂರರಲ್ಲಿ ಬೇಗ ಪತ್ತೆಯಾದರೆ ಇಂಜೆಕ್ಷನ್‌ನಿಂದ ಸರಿಪಡಿಸಬಹುದಾದದ್ದು ಬಿ12 ಒಂದೇ. ತಡವಾದರೆ ನರದ ಹಾನಿ ಶಾಶ್ವತವಾಗಿ ಉಳಿದುಬಿಡಬಹುದು.

ಇವರಲ್ಲಿ ಬಿ12 ಕೊರತೆ ಇರಬಹುದೆಂದು ಶಂಕಿಸಲು ಎರಡು ಕಾರಣಗಳಿದ್ದವು. ಬಿ12 ಸಿಗುವುದು ಪ್ರಾಣಿಜನ್ಯ ಆಹಾರದಿಂದ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಆಸರೆ. ಚಹಾಕ್ಕೆ ಹಾಕುವಷ್ಟು ಹಾಲು, ನೀರು ಮಜ್ಜಿಗೆ, ಇಷ್ಟರಿಂದ ದಿನದ ಅಗತ್ಯ ತುಂಬುವುದು ಕಷ್ಟ. ಜೊತೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿ ಬಿಡುವ ಹಾಗಿಲ್ಲ. ಅದು ಸಕ್ಕರೆಗೆ ಒಳ್ಳೆಯ ಔಷಧ. ಆಗಾಗ ಬಿ12 ಪರೀಕ್ಷಿಸಿಕೊಂಡರಾಯಿತು.

ಇಲ್ಲಿ ಒಂದು ತರ್ಕ ನೆನಪಿಡಬೇಕು. ಬಿ12 ಕೊರತೆ ಎಂ.ಸಿ.ವಿ.ಯನ್ನು ಏರಿಸುತ್ತದೆ, ಜಿ.ಜಿ.ಟಿ.ಯನ್ನು ಏರಿಸುವುದಿಲ್ಲ. ಆದ್ದರಿಂದ "ನಿಮ್ಮದು ಬಿ12 ಕೊರತೆ, ಅದಕ್ಕೇ ಎರಡೂ ಏರಿವೆ" ಎಂದು ಯಾರಾದರೂ ಹೇಳಿದರೆ ಆ ವಿವರಣೆ ಅರ್ಧ ಮಾತ್ರ. ಇದಕ್ಕೆ ಇನ್ನೊಂದು ಮುಖವೂ ಇದೆ. ಬಿ12 ಕೊರತೆ ತೀವ್ರವಾದಾಗ ಹೊಸ ಕಣಗಳು ಮಜ್ಜೆಯಲ್ಲೇ ಒಡೆದು ಸಾಯುತ್ತವೆ, ಬಿಲಿರುಬಿನ್ ಏರಿ ಕಣ್ಣು ತುಸು ಹಳದಿಯಾಗುತ್ತದೆ. ಕಾಮಾಲೆಯೆಂದು ನಾಟಿ ಔಷಧಕ್ಕೆ ಓಡುವವರಿದ್ದಾರೆ. ಅಂಥವರಲ್ಲಿ ಜಿ.ಜಿ.ಟಿ. ಸಹಜವಾಗಿದ್ದರೆ ತೊಂದರೆ ಲಿವರ್‌ನಲ್ಲಿಲ್ಲ, ರಕ್ತದಲ್ಲಿದೆ ಎಂಬ ಸುಳಿವು ಸಿಗುತ್ತದೆ.

ವೈದ್ಯರು ಎರಡು ಪರೀಕ್ಷೆ ಬರೆದುಕೊಟ್ಟರು. ಮೊದಲನೆಯದು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪರೀಕ್ಷೆ, ಸ್ಮಿಯರ್. ಯಂತ್ರ ಹೇಳುವುದು ಸರಾಸರಿ ಗಾತ್ರ ಮಾತ್ರ. ಕಣದ ಆಕಾರ ಹೇಳುವುದು ಈ ಗಾಜಿನ ತುಂಡು. ಮದ್ಯದಿಂದಲೋ ಲಿವರ್ ಕಾಯಿಲೆಯಿಂದಲೋ ದೊಡ್ಡದಾದ ಕಣಗಳು ಸಾಮಾನ್ಯವಾಗಿ ದುಂಡಗಿರುತ್ತವೆ. ಬಿ12 ಅಥವಾ ಫೋಲೇಟ್ ಕೊರತೆಯಲ್ಲಿ ಅವು ಮೊಟ್ಟೆಯಾಕಾರಕ್ಕೆ ಹೋಗುತ್ತವೆ. ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳ ಕೋಶಕೇಂದ್ರ, ಸಾಮಾನ್ಯವಾಗಿ ಮೂರ್ನಾಲ್ಕು ಹಾಲೆಗಳಿರಬೇಕಾದದ್ದು, ಐದಾರು ಹಾಲೆಗಳಾಗಿ ಒಡೆದಿರುತ್ತದೆ. ಇವರ ಸ್ಮಿಯರ್‌ನಲ್ಲಿ ಹೆಚ್ಚಿನ ಕಣಗಳು ದುಂಡಗಿದ್ದವು. ಆದರೆ ಮೊಟ್ಟೆಯಾಕಾರದವೂ ಅಲ್ಲಲ್ಲಿ ಇದ್ದವು, ಆರು ಹಾಲೆಯ ನ್ಯೂಟ್ರೋಫಿಲ್‌ಗಳೂ ಕಂಡವು. ಎರಡನೆಯ ಪರೀಕ್ಷೆ ಬಿ12 ಮತ್ತು ಫೋಲೇಟ್ ಮಟ್ಟದ್ದು. ಬಿ12 178 ಪಿಕೊಗ್ರಾಂ ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಎಂದೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಫೋಲೇಟ್ ಸಹಜವಾಗಿತ್ತು. ಥೈರಾಯ್ಡ್ ಕೂಡ ಸಹಜ.

ಅಂದರೆ ಒಬ್ಬರಲ್ಲೇ ಎರಡು ಕಾರಣಗಳು ಸೇರಿದ್ದವು. ಜಿ.ಜಿ.ಟಿ.ಗೆ ಮದ್ಯ ಮತ್ತು ಕೊಬ್ಬು ಸೇರಿದ ಲಿವರ್, ಎಂ.ಸಿ.ವಿ.ಗೆ ಮದ್ಯ ಮತ್ತು ಬಿ12.

ಬಿ12 ಪರೀಕ್ಷೆಯಲ್ಲಿ ಒಂದು ಮೋಸ ಅಡಗಿದೆ. ಚೆಕಪ್ ವರದಿ ಓದುವವರಿಗೆಲ್ಲ ಇದು ಗೊತ್ತಿರಬೇಕು ಎಂದು ನನಗನಿಸುತ್ತದೆ. ನಮ್ಮ ದೇಹ ಬಿ12 ಕೂಡಿಡುವುದು ಲಿವರ್‌ನಲ್ಲಿ. ಅಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನಿರುತ್ತದೆ. ಲಿವರ್ ಜೀವಕೋಶಗಳಿಗೆ ಪೆಟ್ಟಾದಾಗ ಆ ದಾಸ್ತಾನು ರಕ್ತಕ್ಕೆ ಸೋರುತ್ತದೆ. ಬಿ12 ಹೊತ್ತು ತಿರುಗುವ ಪ್ರೋಟೀನನ್ನು ರಕ್ತದಿಂದ ತೆಗೆದುಹಾಕುವ ಕೆಲಸವೂ ಲಿವರ್‌ನದೇ, ಅದೂ ಕುಂಠಿತವಾಗುತ್ತದೆ. ಪರಿಣಾಮವಾಗಿ ಹೆಚ್ಚು ಕುಡಿಯುವವರ ವರದಿಯಲ್ಲಿ ಬಿ12 ಸಹಜವಾಗಿ, ಕೆಲವೊಮ್ಮೆ ಮಿತಿಗಿಂತ ಹೆಚ್ಚಾಗಿ ಕಂಡರೂ ಒಳಗೆ ಜೀವಕೋಶಗಳು ಅದಿಲ್ಲದೆ ಸೊರಗುತ್ತಿರಬಹುದು. ಸ್ಮಿಯರ್ ಕೊರತೆಯನ್ನು ತೋರಿಸಿ ಬಿ12 ಅಂಕಿ ಸಹಜ ಎಂದರೆ ಹೋಮೋಸಿಸ್ಟೀನ್, ಮಿಥೈಲ್ ಮಲೋನಿಕ್ ಆ್ಯಸಿಡ್ ಎಂಬ ವಸ್ತುಗಳನ್ನು ಅಳೆಯುತ್ತಾರೆ. ಬಿ12 ಕೆಲಸ ಮಾಡದಿದ್ದರೆ ಇವೆರಡೂ ರಕ್ತದಲ್ಲಿ ಕೂಡಿಕೊಳ್ಳುತ್ತವೆ. ಎರಡನೆಯದು ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ, ಹಾಗಾಗಿ ಅದರ ಸಾಕ್ಷ್ಯ ಹೆಚ್ಚು ನಿಖರ. ಆದರೆ ಮೂತ್ರಪಿಂಡದ ಕೆಲಸ ಕುಗ್ಗಿದ್ದರೂ ಅದು ಏರುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ವರದಿ ಕಂಡ ತಕ್ಷಣ ಔಷಧದ ಅಂಗಡಿಗೆ ಹೋಗಿ ಬಿ-ಕಾಂಪ್ಲೆಕ್ಸ್ ನುಂಗಲು ಶುರುಮಾಡಬಾರದು ಎನ್ನುವುದೂ ಇದಕ್ಕೇ. ಕೆಲವು ದಿನ ನುಂಗಿದರೂ ರಕ್ತದ ಬಿ12 ಅಂಕಿ ಮೇಲೇರಿ, ಮೂಲ ಕೊರತೆ ಎಷ್ಟಿತ್ತೆಂದು ತಿಳಿಯದೆ ಹೋಗುತ್ತದೆ. ಫೋಲಿಕ್ ಆ್ಯಸಿಡ್ ಮಾತ್ರೆಯೊಂದನ್ನೇ ನುಂಗುವುದು ಇನ್ನೂ ಅಪಾಯ. ಬಿ12 ಕೊರತೆ ಇರುವವರಲ್ಲಿ ಅದು ರಕ್ತವನ್ನು ಚೆನ್ನಾಗಿ ತೋರಿಸುತ್ತದೆ, ಎಂ.ಸಿ.ವಿ. ಇಳಿಯುತ್ತದೆ, ಎಲ್ಲ ಸರಿಹೋಯಿತು ಅನಿಸುತ್ತದೆ. ಅಷ್ಟರಲ್ಲಿ ನರಗಳ ಹಾನಿ ಮುಂದುವರಿದಿರುತ್ತದೆ. ಮೊದಲು ರಕ್ತ ಕೊಟ್ಟು, ಆಮೇಲೆ ಮಾತ್ರೆ ಶುರುಮಾಡಬೇಕು.

ಚಿಕಿತ್ಸೆಯಲ್ಲಿ ಬಿ12 ಇಂಜೆಕ್ಷನ್ ಸುಲಭದ ಭಾಗ. ಕುಡಿತ ನಿಲ್ಲಿಸುವುದೇ ಕಷ್ಟದ ಭಾಗ, ಅದರಲ್ಲೊಂದು ಎಚ್ಚರಿಕೆಯೂ ಇದೆ. ದಿನವೂ ಕುಡಿಯುವವರು, ಬೆಳಿಗ್ಗೆ ಕೈ ನಡುಗಿದರೆ ಒಂದು ಗುಟುಕು ಬೇಕೆನ್ನುವವರು, ವರದಿ ನೋಡಿ ಗಾಬರಿಯಾಗಿ ಒಂದೇ ದಿನಕ್ಕೆ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ವಿಪರೀತ ಬೆವರು, ಜ್ವರ ಕಾಣಿಸಿಕೊಳ್ಳಬಹುದು. ಇದು ಪ್ರಾಣಕ್ಕೇ ಎರವಾದ ಉದಾಹರಣೆಗಳಿವೆ. ಅಂಥವರು ವೈದ್ಯರ ನಿಗಾದಲ್ಲಿ, ಬಿ1 ಜೀವಸತ್ವ ಮತ್ತು ನಡುಕ ತಡೆಯುವ ಔಷಧದ ಜೊತೆ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಒಂದು ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ನಮ್ಮ ವ್ಯಾಪಾರಿಗೆ ಬೆಳಗಿನ ನಡುಕ ಇರಲಿಲ್ಲ. ಆದರೂ ವೈದ್ಯರು ಮೊದಲ ವಾರ ಮನೆಯವರ ಕಣ್ಣಳತೆಯಲ್ಲಿರಲು ಹೇಳಿ, ಮೂರು ದಿನಕ್ಕೊಮ್ಮೆ ಕರೆಸಿಕೊಂಡರು.

ಅಲ್ಲಿಂದ ಮುಂದೆ ನಿಜ ಹೇಳುವುದು ಕಾಲ. ಎರಡು ಅಂಕಿಗಳೂ ಇಳಿಯುವ ವೇಗ ಬೇರೆ ಬೇರೆ. ಕುಡಿತ ನಿಂತ ಮೇಲೆ ಜಿ.ಜಿ.ಟಿ. ಎರಡು ಮೂರು ವಾರಕ್ಕೊಮ್ಮೆ ಸುಮಾರು ಅರ್ಧದಷ್ಟು ಇಳಿಯುತ್ತ ಹೋಗುತ್ತದೆ. ಎಂ.ಸಿ.ವಿ. ಹಾಗಲ್ಲ. ಕೆಂಪು ರಕ್ತಕಣವೊಂದರ ಆಯುಷ್ಯ ಸುಮಾರು 120 ದಿನ. ದಿನಕ್ಕೆ ನೂರರಲ್ಲಿ ಒಂದಕ್ಕಿಂತ ಕಡಿಮೆ ಕಣಗಳು ಬದಲಾಗುತ್ತವೆ. ಇಂದಿನಿಂದಲೇ ಮಜ್ಜೆ ಸರಿಯಾದ ಗಾತ್ರದ ಕಣ ತಯಾರಿಸತೊಡಗಿದರೂ ತಿಂಗಳು ಕಳೆದಾಗ ರಕ್ತದಲ್ಲಿ ಮುಕ್ಕಾಲು ಭಾಗ ಹಳೆಯ ದೊಡ್ಡ ಕಣಗಳೇ ಇರುತ್ತವೆ. ತಿಂಗಳಿಗೇ ಮರುಪರೀಕ್ಷೆ ಮಾಡಿಸಿ ಎಂ.ಸಿ.ವಿ. ಇಳಿದಿಲ್ಲವೆಂದು ಕಂಗೆಡುವುದು, ಅಥವಾ ಮನೆಯವರು "ಕದ್ದು ಕುಡೀತಿರಬೇಕು" ಎಂದು ಅನುಮಾನಿಸುವುದು ಈ ಲೆಕ್ಕ ಗೊತ್ತಿಲ್ಲದ್ದರಿಂದ.

ಇವರಲ್ಲಿ ನಾಲ್ಕು ವಾರಕ್ಕೆ ಜಿ.ಜಿ.ಟಿ. 164ರಿಂದ 82ಕ್ಕೆ ಬಂತು, ಎಂ.ಸಿ.ವಿ. 106ರಿಂದ 104ಕ್ಕೆ ಮಾತ್ರ. ಎಂಟು ವಾರಕ್ಕೆ ಜಿ.ಜಿ.ಟಿ. 52, ಎಂ.ಸಿ.ವಿ. 100. ನಾಲ್ಕು ತಿಂಗಳಿಗೆ ಎಂ.ಸಿ.ವಿ. 93. ಕಾಲಿನ ಜೋಮು ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಲಿವರ್ ಗಟ್ಟಿಯಾಗಿದೆಯೇ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಪರೀಕ್ಷೆಯನ್ನು ವೈದ್ಯರು ಉದ್ದೇಶಪೂರ್ವಕವಾಗಿಯೇ ಎಂಟು ವಾರ ಮುಂದೂಡಿದ್ದರು. ಕುಡಿಯುತ್ತಿರುವಾಗ ಇರುವ ಉರಿಯೂತದಿಂದಲೂ ಲಿವರ್ ಗಟ್ಟಿಯಾಗಿ ಕಾಣುತ್ತದೆ, ಇಲ್ಲದ ಗಾಯದ ಕಲೆ ಇದ್ದಂತೆ ತೋರುತ್ತದೆ. ತಡೆದು ಮಾಡಿದ್ದರಿಂದ ಅಂಕಿ ನಂಬಿಕೆಗೆ ಯೋಗ್ಯವಾಗಿತ್ತು, ಸಹಜವಾಗಿಯೂ ಇತ್ತು.

ಈ ಅವಧಿಯಲ್ಲಿ ನೆಂಟರೊಬ್ಬರು ತಂದುಕೊಟ್ಟ ಲಿವರ್ ಟಾನಿಕ್ಕನ್ನೂ ಅವರು ಕುಡಿದಿದ್ದರು. ಜಿ.ಜಿ.ಟಿ. ಇಳಿದದ್ದು ಅದರಿಂದಲೇ ಎಂದು ಮನೆಯಲ್ಲಿ ಮಾತಾಯಿತು. ಬಾಟಲಿ ಬಿಟ್ಟವರ ಜಿ.ಜಿ.ಟಿ. ಯಾವ ಟಾನಿಕ್ಕೂ ಇಲ್ಲದೆ ಇದೇ ವೇಗದಲ್ಲಿ ಇಳಿಯುತ್ತದೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಟಾನಿಕ್ ಕಾಪಾಡುತ್ತದೆಂಬ ಧೈರ್ಯದಲ್ಲಿ ಮತ್ತೆ ಕುಡಿಯುವವರನ್ನು ನಮ್ಮ ಊರುಗಳಲ್ಲಿ ಕಾಣುತ್ತೇವೆ.

ಇನ್ನು ಕುಡಿಯದವರ ವಿಚಾರ. ಫಿಟ್ಸ್ ಕಾಯಿಲೆಗೆ ವರ್ಷಗಳಿಂದ ಫಿನಿಟಾಯಿನ್ ತೆಗೆದುಕೊಳ್ಳುತ್ತಿರುವ ಒಬ್ಬ ಶಿಕ್ಷಕಿಯನ್ನು ನೆನೆಯಿರಿ. ಈ ಔಷಧ ಲಿವರನ್ನು ಹೆಚ್ಚು ಕಿಣ್ವ ತಯಾರಿಸುವಂತೆ ಪ್ರಚೋದಿಸುತ್ತದೆ, ಯಾವ ಹಾನಿಯೂ ಇಲ್ಲದೆ ಜಿ.ಜಿ.ಟಿ. ಏರುತ್ತದೆ. ಅದೇ ಔಷಧ ಫೋಲೇಟ್ ಕಡಿಮೆ ಮಾಡುವುದರಿಂದ ಎಂ.ಸಿ.ವಿ.ಯೂ ಏರುತ್ತದೆ. ವಿಮೆ ಪಾಲಿಸಿಗಾಗಿ ರಕ್ತ ಕೊಟ್ಟರೆ ಆ ವರದಿ ಕುಡಿಯುವವರ ವರದಿಯ ಹಾಗೆಯೇ ಕಾಣುತ್ತದೆ. ಥೈರಾಯ್ಡ್ ಕುಗ್ಗಿರುವವರಲ್ಲೂ ಎಂ.ಸಿ.ವಿ. ಏರುವುದುಂಟು. ಅವರಲ್ಲಿ ಲಿವರ್‌ಗೆ ಕೊಬ್ಬು ಸೇರಿ ಜಿ.ಜಿ.ಟಿ.ಯೂ ಏರಬಹುದು. ಹೆಪಟೈಟಿಸ್ ಬಿ, ಸಿ ವೈರಾಣುಗಳಿಂದಲೋ ಬೇರೆ ಕಾರಣದಿಂದಲೋ ದೀರ್ಘಕಾಲ ಲಿವರ್ ಕೆಟ್ಟಿದ್ದರೆ ಕೆಂಪು ಕಣದ ಪೊರೆಗೆ ಕೊಲೆಸ್ಟರಾಲ್ ಹೆಚ್ಚಾಗಿ ಸೇರಿಕೊಂಡು ಕಣ ಅಗಲವಾಗುತ್ತದೆ. ಅಲ್ಲಿ ಮದ್ಯದ ಪಾತ್ರವೇ ಇರಬೇಕಾಗಿಲ್ಲ. ಅರವತ್ತು ದಾಟಿದವರಲ್ಲಿ ಎಂ.ಸಿ.ವಿ. ಏರಿರುವುದರ ಜೊತೆಗೆ ಬಿಳಿಯ ಕಣ ಅಥವಾ ಪ್ಲೇಟ್‌ಲೆಟ್ ಕೂಡ ಕಡಿಮೆಯಿದ್ದು, ಜೀವಸತ್ವ ಕೊಟ್ಟರೂ ಸರಿಹೋಗದಿದ್ದರೆ ಮಜ್ಜೆಯ ಕಾಯಿಲೆಯನ್ನು ಹುಡುಕಬೇಕಾಗುತ್ತದೆ.

ಕುಡಿಯುವುದಿಲ್ಲ ಎಂದು ಹೇಳುವವರ ಮಾತನ್ನು ಪರೀಕ್ಷಿಸಲೇಬೇಕಾದ ಸಂದರ್ಭ ಬಂದರೆ, ಎಂ.ಸಿ.ವಿ.-ಜಿ.ಜಿ.ಟಿ. ಜೋಡಿಗಿಂತ ಒಳ್ಳೆಯ ಸಾಕ್ಷ್ಯವಿದೆ. ಪಿ.ಇ.ಟಿ.ಎಚ್. ಎಂಬ ವಸ್ತು ದೇಹದಲ್ಲಿ ಮದ್ಯಸಾರ ಇದ್ದಾಗ ಮಾತ್ರ ತಯಾರಾಗುತ್ತದೆ, ರಕ್ತದಲ್ಲಿ ಎರಡರಿಂದ ನಾಲ್ಕು ವಾರ ಉಳಿಯುತ್ತದೆ. ಲಿವರ್ ಕಾಯಿಲೆಯಾಗಲಿ ಫಿಟ್ಸ್ ಮಾತ್ರೆಯಾಗಲಿ ಅದನ್ನು ಹುಟ್ಟಿಸುವುದಿಲ್ಲ. ಎಲ್ಲ ಕಡೆ ಸಿಗುವ ಪರೀಕ್ಷೆಯಲ್ಲ. ಆದರೆ ಒಬ್ಬರ ನೌಕರಿಯೋ ಮರ್ಯಾದೆಯೋ ಈ ಪ್ರಶ್ನೆಯ ಮೇಲೆ ನಿಂತಿರುವಾಗ ಕೇಳಿ ಪಡೆಯಬೇಕಾದ ಪರೀಕ್ಷೆ.

ಎರಡೂ ಅಂಕಿಗಳು ಸಹಜವಾಗಿವೆ ಎಂದರೆ ಕುಡಿತದಿಂದ ಏನೂ ಆಗಿಲ್ಲ ಎಂಬ ತೀರ್ಮಾನವೂ ಸಲ್ಲದು. ಮೂವತ್ತರೊಳಗಿನವರಲ್ಲಿ ಹೆಚ್ಚು ಕುಡಿದರೂ ಜಿ.ಜಿ.ಟಿ. ಏರದಿರುವುದು ಸಾಮಾನ್ಯ. ಎಂ.ಸಿ.ವಿ.ಗೂ ನಮ್ಮಲ್ಲೊಂದು ತೊಡಕಿದೆ. ಕಬ್ಬಿಣದ ಕೊರತೆ, ಥಲಸ್ಸೀಮಿಯಾ ವಾಹಕ ಸ್ಥಿತಿ ಇವೆರಡೂ ಕಣವನ್ನು ಚಿಕ್ಕದು ಮಾಡುತ್ತವೆ. ಅದೇ ವ್ಯಕ್ತಿಯಲ್ಲಿ ಮದ್ಯವೋ ಬಿ12 ಕೊರತೆಯೋ ಕಣವನ್ನು ದೊಡ್ಡದು ಮಾಡುತ್ತಿದ್ದರೆ ಸರಾಸರಿ 88 ಎಂದು ಬಂದು, ವರದಿ ಅಚ್ಚುಕಟ್ಟಾಗಿ ಕಾಣುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಸಸ್ಯಾಹಾರಿ ಹೆಂಗಸರಲ್ಲಿ ಈ ಎರಡು ಕೊರತೆಗಳೂ ಜೊತೆಗಿರುವುದು ಅಪರೂಪವಲ್ಲ. ಎಂ.ಸಿ.ವಿ.ಯ ಕೆಳಗೇ ಇರುವ ಆರ್.ಡಿ.ಡಬ್ಲ್ಯು. ಎಂಬ ಸಾಲು ಆಗ ನೆರವಿಗೆ ಬರುತ್ತದೆ. ಕಣಗಳ ಗಾತ್ರದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅದು ಹೇಳುತ್ತದೆ. ಎಂ.ಸಿ.ವಿ. ಸಹಜವಾಗಿದ್ದು ಆರ್.ಡಿ.ಡಬ್ಲ್ಯು. 15 ದಾಟಿದ್ದರೆ ಚಿಕ್ಕ ಕಣ, ದೊಡ್ಡ ಕಣ ಎರಡೂ ಬೆರೆತಿರಬಹುದು. ಅಂಥ ವರದಿ ಇಟ್ಟುಕೊಂಡು ವೈದ್ಯರ ಬಳಿ ಹೋದಾಗ ಸ್ಮಿಯರ್ ನೋಡಿಸೋಣವೇ ಎಂದು ನೀವೇ ಕೇಳಬಹುದು.